ಸುದ್ದಿಯ ಲೀಡ್: ಯಾರು, ಏನು, ಏಕೆ ಇರಲಿ, ಉಳಿದದ್ದು ಕೆಳಗಿಳಿಯಲಿ

ಲೀಡ್ ಅಂದ್ರೆ ಸುದ್ದಿಯ ಮೊದಲ ಪ್ಯಾರಾ. ಕೆಲವರು ಇಂಟ್ರೊ ಅಂತಾರೆ. ಸಾಮಾನ್ಯ ಸುದ್ದಿಯಲ್ಲಿ ಅದು ಒಂದು ವಾಕ್ಯ, ಹೆಚ್ಚೆಂದರೆ ಎರಡು. ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳ ಪಾಠ ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದೇ ಅಲ್ಲಿಂದ. ಆರಕ್ಕೆ ಆರೂ ಮೊದಲ ವಾಕ್ಯದಲ್ಲೇ ಬರಬೇಕು ಎಂದುಕೊಂಡು ಎಲ್ಲವನ್ನೂ ತುಂಬಿಬಿಡುತ್ತೇವೆ. ಆ ಪಾಠ ಇಡೀ ಸುದ್ದಿಗೆ ಸಂಬಂಧಿಸಿದ್ದು. ಲೀಡ್‌ಗೆ ಬೇಕಾಗುವುದು ಮುಖ್ಯವಾಗಿ ಮೂರು: ಯಾರು, ಏನು, ಏಕೆ. ಉಳಿದವು ಬಂದರೆ ಒಂದೊಂದು ಪದದಲ್ಲಿ ಬಂದು ಹೋಗಬೇಕು.

ಒಂದು ಕಲ್ಪಿತ ಸುದ್ದಿಯನ್ನು ಇಟ್ಟುಕೊಂಡು ನೋಡೋಣ. ಲೀಡ್ ಮೊದಲು ಹೀಗೆ ಬರೆದಿದೆ ಅಂದುಕೊಳ್ಳಿ:

"ನಗರದ ಹಳೆಯ ನದಿ ಸೇತುವೆಯ ಸುರಕ್ಷತೆ ಕುರಿತು ಕಳೆದ ವರ್ಷದಿಂದಲೂ ಸ್ಥಳೀಯ ವರ್ತಕರ ಸಂಘ ದೂರು ನೀಡುತ್ತಿದ್ದ ಹಿನ್ನೆಲೆಯಲ್ಲಿ ಮುಖ್ಯ ಎಂಜಿನಿಯರ್ ನೇತೃತ್ವದ ಐವರು ತಜ್ಞರ ತಂಡ ಈಚೆಗೆ ನಡೆಸಿದ ತಪಾಸಣೆಯಲ್ಲಿ ಮೂರನೇ ಕಂಬದಲ್ಲಿ ಬಿರುಕು ಪತ್ತೆಯಾಗಿದ್ದು, ಶುಕ್ರವಾರ ನಡೆದ ತುರ್ತು ಸಭೆಯಲ್ಲಿ ಚರ್ಚಿಸಿದ ಬಳಿಕ ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಸೋಮವಾರದಿಂದ ಮೂರು ತಿಂಗಳು ಸೇತುವೆ ಮೇಲೆ ಲಾರಿ ಮತ್ತು ಬಸ್‌ಗಳ ಸಂಚಾರವನ್ನು ನಿಷೇಧಿಸಲಾಗಿದೆ ಎಂದು ಲೋಕೋಪಯೋಗಿ ಇಲಾಖೆ ತಿಳಿಸಿದೆ."

ವ್ಯಾಕರಣದ ತಪ್ಪಿಲ್ಲ. ಮಾಹಿತಿಯೂ ಸುಳ್ಳಲ್ಲ. ಆದರೆ ಎಣಿಸಿ ನೋಡಿ: ಒಟ್ಟು 50 ಪದ. ಸುದ್ದಿ ಇರುವ "ನಿಷೇಧಿಸಲಾಗಿದೆ" ಸಿಗುವುದು 46ನೇ ಪದದಲ್ಲಿ. ನಿಷೇಧಿಸಿದವರು ಯಾರು ಎನ್ನುವುದು ಅದಕ್ಕೂ ಆಮೇಲೆ. ಅಲ್ಲಿಯವರೆಗೆ ವರ್ತಕರು, ಎಂಜಿನಿಯರ್, ತಜ್ಞರು, ಸಭೆ ಎಲ್ಲವನ್ನೂ ಓದುಗ ತಲೆಯಲ್ಲಿ ಹೊತ್ತುಕೊಂಡೇ ಬರಬೇಕು. ಏನಾಯಿತು ಅಂತ ಇನ್ನೂ ಗೊತ್ತಿಲ್ಲ, ಹಾಗಾಗಿ ಇವರಲ್ಲಿ ಯಾರು ಮುಖ್ಯ ಎನ್ನುವುದೂ ಅವನಿಗೆ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಲೀಡ್‌ಗಿಂತ ಕನ್ನಡ ಲೀಡ್‌ನಲ್ಲಿ ಈ ತುಂಬಾಟ ಜಾಸ್ತಿ ಹಾನಿ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಬೇಗ ಬಂದುಬಿಡುತ್ತದೆ, ಹೆಚ್ಚುವರಿ ವಿವರ ಬಾಲದಲ್ಲಿ ತೂಗಾಡುತ್ತದೆ. ಬಾಲ ಓದದಿದ್ದರೂ ಸುದ್ದಿ ತಿಳಿದಿರುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ. ಸೇರಿಸಿದ ಪ್ರತಿ ವಿವರವೂ ಅದಕ್ಕಿಂತ ಮೊದಲೇ ಬಂದು ಕೂರುತ್ತದೆ, ಸುದ್ದಿಯನ್ನು ಅಷ್ಟು ಹಿಂದಕ್ಕೆ ತಳ್ಳುತ್ತದೆ. ಇಂಗ್ಲಿಷ್ ಪಾಠಗಳಲ್ಲಿ ಲೀಡ್‌ಗೆ 25ರಿಂದ 35 ಪದದ ಮಿತಿ ಹೇಳುವುದುಂಟು. ಅದನ್ನು ಹಾಗೇ ಎತ್ತಿಕೊಳ್ಳಬೇಡಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಕಡಿಮೆ ಪದದಲ್ಲಿ ಅಷ್ಟೇ ವಿಷಯ ಹಿಡಿಯುತ್ತದೆ. ನನ್ನ ಲೆಕ್ಕದಲ್ಲಿ 15-18 ಪದ ಸಾಕು. 20 ದಾಟಿದರೆ ಎರಡು ವಾಕ್ಯ ಮಾಡುವುದು ಒಳ್ಳೆಯದು.

ಸರಿಪಡಿಸುವ ಕೆಲಸವನ್ನು ಆ ವಾಕ್ಯವನ್ನು ಕತ್ತರಿಸುತ್ತಾ ಶುರು ಮಾಡಬೇಡಿ. ಕತ್ತರಿಸಿದರೆ ಹಳೆಯ ಅಸ್ಥಿಪಂಜರ ಉಳಿದುಕೊಳ್ಳುತ್ತದೆ. ಅದನ್ನು ಪಕ್ಕಕ್ಕಿಟ್ಟು, ಕೊನೆಗೆ ಬರಬೇಕಾದ ಕ್ರಿಯಾಪದವನ್ನು ಮೊದಲು ಆರಿಸಿಕೊಳ್ಳಿ. ಇಲ್ಲಿ ನಡೆದದ್ದು ಏನು? ದೂರು ಕೊಟ್ಟಿದ್ದಲ್ಲ, ತಪಾಸಣೆ ಮಾಡಿದ್ದಲ್ಲ, ಸಭೆ ಸೇರಿದ್ದಲ್ಲ, "ತಿಳಿಸಿದ್ದು" ಅಂತೂ ಅಲ್ಲವೇ ಅಲ್ಲ. ನಿಷೇಧಿಸಿದ್ದು. ಯಾರು? ಲೋಕೋಪಯೋಗಿ ಇಲಾಖೆ. ಹಾಗಾದರೆ ಬೀಜವಾಕ್ಯ ಇಷ್ಟೇ: "ಲೋಕೋಪಯೋಗಿ ಇಲಾಖೆ ಸಂಚಾರವನ್ನು ನಿಷೇಧಿಸಿದೆ."

ಗಮನಿಸಿ, "ನಿಷೇಧಿಸಲಾಗಿದೆ" ಇಲ್ಲಿ "ನಿಷೇಧಿಸಿದೆ" ಆಯಿತು. "ಲಾಗಿದೆ" ಎಂದ ಕೂಡಲೇ ಯಾರು ಎಂಬುದು ವಾಕ್ಯದಿಂದ ಜಾರಿಹೋಗುತ್ತದೆ. ಮತ್ತೆ ಅದನ್ನು ತರಲು "ಎಂದು ಇಲಾಖೆ ತಿಳಿಸಿದೆ" ಎಂಬ ಬಾಲ ಬೇಕಾಗುತ್ತದೆ. ಆದೇಶ ಹೊರಬಿದ್ದ ಮೇಲೆ ಅದು ದಾಖಲೆಯಲ್ಲಿರುವ ಸಂಗತಿ. ಅದಕ್ಕೆ ಯಾರೂ "ತಿಳಿಸುವ" ಅಗತ್ಯವಿಲ್ಲ. ಯಾರಾದರೂ ಅಲ್ಲಗಳೆಯಬಹುದಾದ ಆರೋಪವೋ ಅಂದಾಜೋ ಆಗಿದ್ದರೆ ಮಾತ್ರ ಯಾರು ಹೇಳಿದ್ದು ಎನ್ನುವುದು ಲೀಡ್‌ನಲ್ಲೇ ಇರಬೇಕು.

ಇನ್ನು ಏಕೆ. ನನ್ನ ಪ್ರಕಾರ ಲೀಡ್‌ನಲ್ಲಿ ಅತಿ ಕಷ್ಟದ ಭಾಗ ಇದೇ. ಮೇಲಿನ ಉದ್ದ ವಾಕ್ಯದಲ್ಲಿ ಕಾರಣದ ವೇಷ ಹಾಕಿಕೊಂಡವರು ನಾಲ್ವರಿದ್ದಾರೆ: ವರ್ತಕರ ದೂರು, ಕಂಬದ ಬಿರುಕು, ಶುಕ್ರವಾರದ ಸಭೆ, ಸಾರ್ವಜನಿಕರ ಸುರಕ್ಷತೆ. ಒಂದೊಂದನ್ನೂ ತೆಗೆದು ಕೇಳಿಕೊಳ್ಳಿ: ಇದು ಇಲ್ಲದಿದ್ದರೂ ನಿಷೇಧ ಬರುತ್ತಿತ್ತಾ? ದೂರು ಒಂದು ವರ್ಷದಿಂದ ಇತ್ತು, ನಿಷೇಧ ಬಂದಿರಲಿಲ್ಲ. ಬಿರುಕು ಕಂಡಿತು, ನಿಷೇಧ ಬಂತು. ಹಾಗಾಗಿ ಬಿರುಕೇ ಹತ್ತಿರದ ಕಾರಣ. ಸಭೆ ಕಾರಣವಲ್ಲ, ತೀರ್ಮಾನ ಆದ ಜಾಗ ಅಷ್ಟೇ. ಸುರಕ್ಷತೆಯ ದೃಷ್ಟಿ? ಅದನ್ನು ಯಾವ ನಿಷೇಧಕ್ಕೆ ಬೇಕಾದರೂ ಅಂಟಿಸಬಹುದು. ಅಪಾಯವಾಗಲಿ ಅಂತ ಯಾರೂ ರಸ್ತೆ ಬಂದ್ ಮಾಡುವುದಿಲ್ಲ, ಅಲ್ವಾ? ಎಲ್ಲದಕ್ಕೂ ಹೊಂದುವ ಕಾರಣ ಯಾವುದನ್ನೂ ಹೇಳುವುದಿಲ್ಲ.

ಕಾರಣ ಹೇಳುವ ಪದವನ್ನೂ ನೋಡಿಕೊಳ್ಳಬೇಕು. ನಮ್ಮ ಕಾಪಿಗಳಲ್ಲಿ "ಹಿನ್ನೆಲೆಯಲ್ಲಿ" ಎಂಬುದು ಎಲ್ಲ ಬಾಗಿಲಿಗೂ ಹೊಂದುವ ಕೀಲಿಯಾಗಿಬಿಟ್ಟಿದೆ. ದೂರಿನ ಹಿನ್ನೆಲೆಯಲ್ಲಿ ನಿಷೇಧ ಎಂದರೆ ದೂರಿನಿಂದಲೇ ಆಯಿತಾ, ದೂರಿನ ನಂತರ ಆಯಿತಾ, ಅಥವಾ ಎರಡೂ ಸುಮ್ನೆ ಅಕ್ಕಪಕ್ಕ ಇವೆಯಾ? ಓದುಗನಿಗೆ ತಿಳಿಯುವುದಿಲ್ಲ. ಬಹಳ ಸಲ ಬರೆದವರಿಗೂ ತಿಳಿದಿರುವುದಿಲ್ಲ. "ಬಿರುಕು ಪತ್ತೆಯಾಗಿದ್ದು," ಎಂಬಲ್ಲಿನ "ದ್ದು" ಕೂಡ ಇದೇ ಜಾತಿ. ಎರಡು ಸಂಗತಿಗಳನ್ನು ಗಂಟು ಹಾಕುತ್ತದೆ, ಅವುಗಳ ನಡುವಿನ ಸಂಬಂಧ ಹೇಳುವುದಿಲ್ಲ. "ಕಂಡುಬಂದಿದ್ದರಿಂದ" ಎಂದು ಬರೆದು ನೋಡಿ. ಕಾರಣ ಖಚಿತವಾಗಿದ್ದರೆ ಕೈ ತಡೆಯದೆ ಬರೆಯುತ್ತದೆ. ಖಚಿತವಿಲ್ಲದಿದ್ದರೆ ತಡೆಯುತ್ತದೆ, ಆಗ ವರದಿಗಾರ ಇನ್ನೊಂದು ಫೋನ್ ಮಾಡಬೇಕು.

ಕಾರಣವೇ ಗೊತ್ತಿಲ್ಲದ ಸುದ್ದಿಗಳೂ ಇರುತ್ತವೆ. ಗೋದಾಮಿಗೆ ಬೆಂಕಿ ಬಿದ್ದ ರಾತ್ರಿ "ಶಾರ್ಟ್ ಸರ್ಕಿಟ್‌ನಿಂದ ಬೆಂಕಿ" ಎಂದು ಬರೆಯುವ ಆತುರ ಬೇಡ. "ಶಂಕಿಸಲಾಗಿದೆ" ಎಂದರೂ ಶಂಕಿಸಿದವರು ಯಾರು ಎನ್ನುವ ಪ್ರಶ್ನೆ ಉಳಿಯುತ್ತದೆ. ಅಂಥ ಲೀಡ್‌ನಲ್ಲಿ ಯಾರು, ಏನು ಇರಲಿ. "ಕಾರಣ ಇನ್ನೂ ಗೊತ್ತಾಗಿಲ್ಲ ಎಂದು ಅಗ್ನಿಶಾಮಕ ಅಧಿಕಾರಿಗಳು ಹೇಳಿದ್ದಾರೆ" ಎನ್ನುವುದು ಎರಡನೇ ವಾಕ್ಯವಾಗಲಿ.

ಸೇತುವೆಗೆ ವಾಪಸ್ ಬರೋಣ. ಮೂರೂ ಸಿಕ್ಕಿವೆ. ಉಳಿದ ವಿವರಗಳಲ್ಲಿ ಯಾವುದು ಮೇಲೆ ಉಳಿಯಬೇಕು, ಯಾವುದು ಕೆಳಗಿಳಿಯಬೇಕು? ಮುಖ್ಯವೋ ಅಲ್ಲವೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಬರೆದವರಿಗೆ ಎಲ್ಲವೂ ಮುಖ್ಯ ಅನಿಸುತ್ತದೆ. ನಾನು ಕೇಳುವುದು ಬೇರೆ: ಈ ವಿವರ ತೆಗೆದರೆ ಉಳಿದ ವಾಕ್ಯ ತಪ್ಪು ಅರ್ಥ ಕೊಡುತ್ತದಾ? "ಲಾರಿ, ಬಸ್" ತೆಗೆಯಿರಿ. ಸೇತುವೆ ಪೂರ್ತಿ ಬಂದ್ ಎಂದುಕೊಂಡು ಬೈಕಿನವನೂ ಸುತ್ತಿಬಳಸಿ ಹೋಗುತ್ತಾನೆ. ಹಾಗಾಗಿ ಅದು ಉಳಿಯಬೇಕು. "ಮೂರು ತಿಂಗಳು" ತೆಗೆಯಿರಿ. ನಿಷೇಧ ಶಾಶ್ವತ ಎಂಬಂತೆ ಕೇಳುತ್ತದೆ. ಅದೂ ಉಳಿಯಬೇಕು. "ಮೂರನೇ" ಕಂಬ ತೆಗೆಯಿರಿ. ಏನೂ ಕೆಡುವುದಿಲ್ಲ. ಐವರು ತಜ್ಞರು, ಮುಖ್ಯ ಎಂಜಿನಿಯರ್, ತುರ್ತು ಸಭೆ, ವರ್ತಕರ ಸಂಘ: ಯಾವುದನ್ನು ತೆಗೆದರೂ ಅರ್ಥ ಕದಲುವುದಿಲ್ಲ. ಇವೆಲ್ಲ ಸುದ್ದಿಯನ್ನು ತುಂಬಿಸುತ್ತವೆ, ತಿದ್ದುವುದಿಲ್ಲ. ಕೆಳಗಿಳಿಯಲಿ.

ಶುಕ್ರವಾರ, ಸೋಮವಾರ ಎರಡೂ ಇದ್ದರೆ ಇನ್ನೊಂದು ಸಣ್ಣ ತೊಡಕು. ಒಂದೇ ವಾಕ್ಯದಲ್ಲಿ ಎರಡು ದಿನ ಬಂದರೆ ಯಾವುದು ಯಾವ ಕ್ರಿಯೆಗೆ ಸೇರಿದ್ದು ಎಂದು ಓದುಗ ಹುಡುಕಬೇಕಾಗುತ್ತದೆ. ಓದುಗನ ಓಡಾಟಕ್ಕೆ ಸಂಬಂಧಿಸಿದ ದಿನ ಇಟ್ಟುಕೊಳ್ಳಿ, ಕಚೇರಿಯಲ್ಲಿ ಸಹಿ ಬಿದ್ದ ದಿನ ಕೆಳಗಿರಲಿ.

ಈಗ ಜೋಡಿಸೋಣ. ಮೊದಲ ಯತ್ನ: "ಕಂಬದಲ್ಲಿ ಬಿರುಕು ಕಂಡುಬಂದಿದ್ದರಿಂದ ನಗರದ ನದಿ ಸೇತುವೆ ಮೇಲೆ ಸೋಮವಾರದಿಂದ ಮೂರು ತಿಂಗಳು ಲಾರಿ, ಬಸ್ ಸಂಚಾರವನ್ನು ಲೋಕೋಪಯೋಗಿ ಇಲಾಖೆ ನಿಷೇಧಿಸಿದೆ." ಪರವಾಗಿಲ್ಲ, ಆದರೆ ಎರಡು ಕಡೆ ಎಡವುತ್ತದೆ. "ಕಂಬ" ಎಂದಾಗ ಸೇತುವೆ ಇನ್ನೂ ಬಂದಿಲ್ಲ. ಓದುಗ ವಿದ್ಯುತ್ ಕಂಬ ಎಂದುಕೊಳ್ಳಬಹುದು. ಎರಡನೆಯದು, ಕನ್ನಡದಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡಂತೆ ಅದಕ್ಕಿಂತ ಮೊದಲು ಬರುವ ಮಾತಿಗೆ ಒತ್ತು ಬೀಳುತ್ತದೆ. "ಇಲಾಖೆ ನಿಷೇಧಿಸಿದೆ" ಎಂದರೆ ಬೇರೆ ಯಾರೂ ಅಲ್ಲ, ಇಲಾಖೆಯೇ ನಿಷೇಧಿಸಿದ್ದು ಎಂಬ ಧ್ವನಿ. ಇಲ್ಲಿ ಸುದ್ದಿ ಅದಲ್ಲ. ಒತ್ತು ಬೀಳಬೇಕಾದದ್ದು ಲಾರಿ, ಬಸ್ ಸಂಚಾರದ ಮೇಲೆ. ಜಾಗ ಬದಲಿಸಿದರೆ ಹೀಗಾಗುತ್ತದೆ:

"ನಗರದ ನದಿ ಸೇತುವೆಯ ಕಂಬದಲ್ಲಿ ಬಿರುಕು ಕಂಡುಬಂದಿದ್ದರಿಂದ ಲೋಕೋಪಯೋಗಿ ಇಲಾಖೆ ಸೋಮವಾರದಿಂದ ಮೂರು ತಿಂಗಳು ಅಲ್ಲಿ ಲಾರಿ, ಬಸ್ ಸಂಚಾರವನ್ನು ನಿಷೇಧಿಸಿದೆ."

16 ಪದ. ಕಾರಣ ಆರನೇ ಪದಕ್ಕೆ ಮುಗಿಯುತ್ತದೆ, ಯಾರು ಎಂಟನೆಯದಕ್ಕೆ. ಗಟ್ಟಿಯಾಗಿ ಒಂದು ಸಲ ಓದಿ ನೋಡಿ. ಮಧ್ಯೆ ಉಸಿರು ತೆಗೆದುಕೊಳ್ಳಲು ನಿಲ್ಲಬೇಕಾಗುವುದಿಲ್ಲ. ನಿಲ್ಲಬೇಕಾದ ಲೀಡ್‌ನಲ್ಲಿ ನಿಂತ ಜಾಗದಲ್ಲೇ ಬೇಡದ ವಿವರ ಇರುತ್ತದೆ ಎಂಬುದು ನಾನು ಕಂಡುಕೊಂಡ ಸುಲಭದ ಗುರುತು.

ಕೆಳಗಿಳಿಸಿದ ವಿವರಗಳನ್ನು ಮೊದಲು ಬಂದ ಕ್ರಮದಲ್ಲೇ ಸುರಿಯಬೇಡಿ. ಲೀಡ್ ಓದಿದವನಿಗೆ ತಕ್ಷಣ ಹುಟ್ಟುವ ಪ್ರಶ್ನೆ ಯಾವುದೋ ಅದಕ್ಕೆ ಎರಡನೇ ಪ್ಯಾರಾ ಉತ್ತರಿಸಬೇಕು. ಇಲ್ಲಿ ಆ ಪ್ರಶ್ನೆ "ಹಾಗಾದರೆ ಯಾವ ದಾರಿ?" ಎಂಬುದು. ಹಾಗಾಗಿ: "ಕಾರು, ಬೈಕ್‌ಗಳು ಎಂದಿನಂತೆ ಓಡಾಡಬಹುದು. ಲಾರಿ, ಬಸ್‌ಗಳು ಹೊರವಲಯದ ರಸ್ತೆಯಲ್ಲಿ ಸಾಗಬೇಕು." ಉದ್ದ ಲೀಡ್‌ನಲ್ಲಿ ಈ ಬದಲಿ ದಾರಿಯ ಸುಳಿವೇ ಇರಲಿಲ್ಲ. 50 ಪದ ತುಂಬಿಯೂ ಬೇಕಾದದ್ದು ಹೊರಗೇ ಉಳಿದಿತ್ತು. ಮೂರನೇ ಪ್ಯಾರಾದಲ್ಲಿ ತಪಾಸಣೆ, ತಜ್ಞರ ತಂಡ, ಮೂರನೇ ಕಂಬ, ಶುಕ್ರವಾರದ ಸಭೆ. ವರ್ತಕರ ದೂರು ನಾಲ್ಕನೆಯದಕ್ಕೆ, ಸಂಘದವರ ಮಾತಿನ ಜೊತೆಗೆ. ದೂರಿಗೆ ಕಿವಿಗೊಟ್ಟಿದ್ದರೆ ಬಿರುಕು ಮೊದಲೇ ಸಿಗುತ್ತಿತ್ತು ಎಂದು ಅವರು ಹೇಳಿದರೆ ಅದು ಅವರ ಮಾತಾಗಿಯೇ ಬರಲಿ.

ಈ ವಿಂಗಡಣೆ ಆ ದಿನದ ಸುದ್ದಿಗೆ ಮಾತ್ರ. ಇಲಾಖೆಗೆ ಹಿಂದಿನ ವರ್ಷವೇ ಬಿರುಕಿನ ಬಗ್ಗೆ ಲಿಖಿತ ದೂರು ತಲುಪಿತ್ತು ಎಂಬ ದಾಖಲೆ ಮರುದಿನ ವರದಿಗಾರನ ಕೈಗೆ ಸಿಕ್ಕಿತು ಅಂದುಕೊಳ್ಳಿ. ಆಗ ನಾಲ್ಕನೇ ಪ್ಯಾರಾದ ವರ್ತಕರು ನೇರ ಲೀಡ್‌ಗೆ ಬರುತ್ತಾರೆ, ನಿಷೇಧ ನಾಲ್ಕು ಪದಕ್ಕೆ ಇಳಿಯುತ್ತದೆ: "ಲಾರಿ, ಬಸ್ ಸಂಚಾರ ನಿಷೇಧಿಸಿರುವ ನದಿ ಸೇತುವೆಯ ಬಿರುಕಿನ ಬಗ್ಗೆ ವರ್ತಕರ ಸಂಘ ಕಳೆದ ವರ್ಷವೇ ಲೋಕೋಪಯೋಗಿ ಇಲಾಖೆಗೆ ಲಿಖಿತ ದೂರು ನೀಡಿತ್ತು." ಇದರಲ್ಲಿ "ಏಕೆ" ಇಲ್ಲ. ಇಲಾಖೆ ಯಾಕೆ ಸುಮ್ಮನಿತ್ತು ಎನ್ನುವುದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಇಲಾಖೆಯನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು ಎರಡನೇ ಪ್ಯಾರಾದಲ್ಲಿ ಹಾಕಬೇಕು.