ಮೂರು ಸಾವಿರ ಓಮ್‌ನ ಬಿಲ

ರಾತ್ರಿಯೆಲ್ಲ ಸುರಿದ ಮಳೆ ನಿಂತ ಮೇಲೆ, ಬೆಳಗಿನ ಜಾವ 11 ಕೆವಿ ಫೀಡರ್ ಒಂದು ಟ್ರಿಪ್ ಆಯಿತು. ಮತ್ತೆ ಚಾರ್ಜ್ ಮಾಡಿದ ಕ್ಷಣದಲ್ಲೇ ಇನ್ನೊಮ್ಮೆ ಟ್ರಿಪ್. ಎರಡು ಆರ್‌ಎಂಯು ಸ್ವಿಚ್ ಪೆಟ್ಟಿಗೆಗಳ ನಡುವೆ ನೆಲದಡಿ ಹಾದುಹೋದ ಮೂರು ಕೋರ್‌ಗಳ ಎಕ್ಸ್‌ಎಲ್‌ಪಿಇ ಪ್ಲಾಸ್ಟಿಕ್ ನಿರೋಧಕದ ಕೇಬಲ್ ಅದು. ಕಡತದ ಪ್ರಕಾರ ಉದ್ದ 1,240 ಮೀಟರ್. ಮೇಲೆ ಡಾಂಬರು, ಪಾದಚಾರಿ ಮಾರ್ಗ, ಎಳನೀರಿನ ಗಾಡಿ. ಅಂದಾಜಿನ ಮೇಲೆ ಅಗೆಯುತ್ತ ಹೋದರೆ ಇಡೀ ಬೀದಿಯನ್ನೇ ಬಗೆಯಬೇಕಾಗುತ್ತದೆ.

ಎರಡೂ ತುದಿಗಳನ್ನು ಬಿಚ್ಚಿ, ಭೂಸ್ಪರ್ಶ ಕೊಟ್ಟು, ಒಳಗೆ ಉಳಿದ ಚಾರ್ಜನ್ನು ಇಳಿಸಿ, ಮೊದಲು ಮೆಗ್ಗರ್ ಹಿಡಿದೆವು. ಇದು ಕೇಳುವುದು ಒಂದೇ ಪ್ರಶ್ನೆ: ಕೋರ್‌ಗೆ 5,000 ವೋಲ್ಟ್ ಡಿಸಿ ಕೊಟ್ಟರೆ ನಿರೋಧಕ ಪದರದ ಮೂಲಕ ಎಷ್ಟು ಕರೆಂಟ್ ಸೋರುತ್ತದೆ? ಮೂರು ಕೋರ್‌ಗಳೂ ಒಂದೊಂದು ಫೇಸ್‌ನವು: ಆರ್, ವೈ, ಬಿ. ಆರ್ ಫೇಸ್ ಒಂದು ನಿಮಿಷದ ನಂತರ 2,000 ಮೆಗಾಓಮ್ ತೋರಿಸಿತು, ವೈ ಫೇಸ್ 1,800. ಬಿ ಫೇಸ್‌ಗೆ ಹಾಕಿದಾಗ ಮುಳ್ಳು ಸೊನ್ನೆಯಿಂದ ಮೇಲೇಳಲೇ ಇಲ್ಲ. ಮೆಗ್ಗರ್‌ನ ಸೊನ್ನೆಯನ್ನು ಹಾಗೆಯೇ ನಂಬಬಾರದು. ಸಾವಿರಾರು ಮೆಗಾಓಮ್ ಅಳೆಯಲು ಮಾಡಿದ ಮಾಪಕಕ್ಕೆ ಒಂದು ಓಮೂ ಸೊನ್ನೆ, ಹತ್ತು ಸಾವಿರ ಓಮೂ ಸೊನ್ನೆ. ಅದಕ್ಕೇ ಸಾಮಾನ್ಯ ಮಲ್ಟಿಮೀಟರ್ ಇಟ್ಟು ನೋಡಿದೆವು: ಬಿ ಫೇಸ್‌ನಿಂದ ಭೂಮಿಗೆ ಸುಮಾರು 3,000 ಓಮ್. ಆಚೆ ತುದಿಯಲ್ಲಿ ಮೂರೂ ಕೋರ್‌ಗಳನ್ನು ಸೇರಿಸಿ ಕಟ್ಟಿ ಅಳೆದಾಗ ಎಲ್ಲೂ ತುಂಡಾಗಿಲ್ಲ ಎಂಬುದೂ ಖಚಿತವಾಯಿತು. ರೋಗ ಯಾವುದೆಂದು ತಿಳಿಯಿತು. ಎಲ್ಲಿದೆ ಎಂಬುದನ್ನು ಮೆಗ್ಗರ್ ಹೇಳುವುದಿಲ್ಲ.

ಎಲ್ಲಿದೆ ಎಂದು ಹೇಳಬೇಕಾದದ್ದು ಪಲ್ಸ್ ಯಂತ್ರ. ಅದು ಕೇಬಲ್‌ನೊಳಕ್ಕೆ ಕೆಲವೇ ವೋಲ್ಟ್‌ಗಳ ಚಿಕ್ಕ ಹೊಡೆತವೊಂದನ್ನು ಕಳಿಸಿ, ಮರಳಿ ಬರುವ ಅಲೆಗೆ ಕಾಯುತ್ತದೆ. ತೆರೆದ ತುದಿಗೆ ತಾಗಿದ ಅಲೆ ಮೇಲ್ಮುಖವಾಗಿಯೇ ಹಿಂದಿರುಗುತ್ತದೆ, ಶಾರ್ಟ್ ಆದ ಜಾಗಕ್ಕೆ ತಾಗಿದ್ದು ತಲೆಕೆಳಗಾಗಿ ಬರುತ್ತದೆ. ಆರೋಗ್ಯವಾಗಿದ್ದ ಆರ್ ಫೇಸ್‌ನಲ್ಲಿ ಆಚೆ ತುದಿಯ ಪ್ರತಿಫಲನ 14.8 ಮೈಕ್ರೋಸೆಕೆಂಡ್‌ಗೆ ಬಂತು. ಹೋಗಿ ಬರುವ ದಾರಿ 2,480 ಮೀಟರ್, ಅಂದರೆ ಮೈಕ್ರೋಸೆಕೆಂಡಿಗೆ ಸುಮಾರು 168 ಮೀಟರ್ ವೇಗ. ನಿರ್ವಾತದಲ್ಲಿ ಬೆಳಕಿನ ವೇಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತಾಮ್ರವೋ ಅಲ್ಯೂಮಿನಿಯಮ್ಮೋ ಇಲ್ಲಿ ಮುಖ್ಯವಲ್ಲ, ಅಲೆಯನ್ನು ನಿಧಾನಿಸುವುದು ಅದರ ಸುತ್ತಲಿನ ನಿರೋಧಕ ಮತ್ತು ಅರೆವಾಹಕ ಪದರಗಳು. ಯಂತ್ರದ ಪುಸ್ತಕದಲ್ಲಿ ಅಚ್ಚಾದ ವೇಗಕ್ಕಿಂತ ಹೀಗೆ ಅದೇ ಕೇಬಲ್‌ನ ಒಳ್ಳೆಯ ಕೋರ್‌ನಿಂದ ಪಡೆದ ವೇಗವನ್ನೇ ನಾನು ನಂಬುವುದು.

ಆಮೇಲೆ ಬಿ ಫೇಸ್. "ಸರ್, ಇದರಲ್ಲಿ ಏನೂ ಕಾಣುತ್ತಿಲ್ಲವಲ್ಲ!" ಎಂದ ಜೊತೆಗಿದ್ದ ಹುಡುಗ. ನಿಜ. ಪರದೆಯ ಮೇಲಿನ ಗೆರೆ ಆರ್ ಫೇಸ್‌ನ ಗೆರೆಯ ಅವಳಿಯಂತಿತ್ತು. ಸುಮಾರು 250 ಮೀಟರ್‌ಗೊಂದರಂತೆ ಜಾಯಿಂಟ್‌ಗಳ ಸಣ್ಣ ಕೊಂಕು, ಕೊನೆಯಲ್ಲಿ ತೆರೆದ ತುದಿಯ ಏರು, ಅಷ್ಟೇ. ಯಂತ್ರ ಕೆಟ್ಟಿದೆ ಎಂದುಕೊಳ್ಳುವವರು ಸಾಮಾನ್ಯವಾಗಿ ಇಲ್ಲಿಯೇ ಎಡವುತ್ತಾರೆ.

ನಾಲೆಯ ಏರಿಯಲ್ಲಿ ಇಲಿ ತೋಡಿದ ಬಿಲವನ್ನು ನೆನೆಯಿರಿ. ನೀರು ಅಲ್ಲಿ ಸೋರುತ್ತಿದೆ, ನಿಧಾನವಾಗಿ ಏರಿಯನ್ನೇ ಕೊಚ್ಚಿ ಹಾಕಲೂಬಹುದು. ಆದರೆ ನಾಲೆಯಲ್ಲಿ ಎಬ್ಬಿಸಿದ ಅಲೆಗೆ ಆ ಬಿಲ ಲೆಕ್ಕಕ್ಕೇ ಇಲ್ಲ, ಅದು ಸುಮ್ಮನೆ ದಾಟಿ ಹೋಗುತ್ತದೆ. ಏರಿ ಒಡೆದು ಅಗಲವಾದ ಬಾಯಿ ಬಿದ್ದರೆ ಮಾತ್ರ ಅಲೆಯ ಒಂದು ಭಾಗ ಹಿಂದಿರುಗುತ್ತದೆ. ಕೇಬಲ್‌ನಲ್ಲಿ ಸಾಗುವ ಅಲೆಗೆ ಅದರ ಸ್ವಂತ ಅಡ್ಡಿ ಸುಮಾರು 30 ಓಮ್ ಎಂದಿಟ್ಟುಕೊಳ್ಳಿ. ಇದು ಕೇಬಲ್‌ನ ಉದ್ದಕ್ಕೆ ಸಂಬಂಧಿಸಿದ್ದಲ್ಲ, ರಚನೆಗೆ ಸಂಬಂಧಿಸಿದ್ದು. ದೋಷದ ಓಮನ್ನು ಎರಡರಿಂದ ಗುಣಿಸಿ 30 ಸೇರಿಸಿ. ಬಂದ ಮೊತ್ತದಿಂದ 30 ಅನ್ನು ಭಾಗಿಸಿದರೆ ಹಿಂದಿರುಗುವ ಪಾಲು ಸಿಗುತ್ತದೆ. 3,000 ಓಮ್‌ಗೆ ಅದು ಇನ್ನೂರರಲ್ಲಿ ಒಂದು ಪಾಲು. ಜಾಯಿಂಟ್‌ಗಳ ಕೊಂಕಿನಲ್ಲೇ ಅದು ಮುಳುಗಿಹೋಗುತ್ತದೆ. 11 ಕೆವಿ ಫೀಡರ್‌ಗೆ ಅದೇ ಬಿಲ ಸಾವಿನ ದಾರಿ: ಪೂರ್ಣ ವೋಲ್ಟೇಜ್ ಬಿದ್ದ ಕೂಡಲೇ ಅಲ್ಲಿ ಕಿಡಿ ಹಾರಿ ಸಾವಿರಾರು ಆಂಪಿಯರ್ ಹರಿಯುತ್ತದೆ.

ಉಪಾಯವೂ ಆ ಕಿಡಿಯಲ್ಲೇ ಇದೆ. ದೊಡ್ಡ ಕೆಪಾಸಿಟರನ್ನು 8 ಕೆವಿಗೆ ಚಾರ್ಜ್ ಮಾಡಿ ಒಮ್ಮೆಲೇ ಬಿ ಫೇಸ್‌ಗೆ ಸುರಿದರೆ, ದೋಷದ ಜಾಗದಲ್ಲಿ ಕಿಡಿ ಎದ್ದು ಕೆಲವು ಮಿಲಿಸೆಕೆಂಡ್ ಉರಿಯುತ್ತದೆ. ಉರಿಯುವ ಕಿಡಿಯ ಅಡ್ಡಿ ಬರೀ ಕೆಲವು ಓಮ್. ಆ ಕಿರು ಅವಧಿಯಲ್ಲೇ ಯಂತ್ರ ತನ್ನ ಪಲ್ಸನ್ನು ಕಳಿಸುತ್ತದೆ. ಅಡ್ಡಿ 3 ಓಮ್ ಆದರೆ ಮೊದಲಿನ ಲೆಕ್ಕದಲ್ಲೇ ಶೇಕಡ 83ರಷ್ಟು ಅಲೆ ತಲೆಕೆಳಗಾಗಿ ಮರಳುತ್ತದೆ. ಪರದೆಯಲ್ಲಿ ಮೊದಲ ಗೆರೆಯ ಮೇಲೆ ಎರಡನೆಯದು ಬಂದು ಕೂತಿತು. 8.9 ಮೈಕ್ರೋಸೆಕೆಂಡ್‌ವರೆಗೆ ಎರಡೂ ಒಂದರ ಮೇಲೊಂದು, ಅಲ್ಲಿಂದ ಎರಡನೆಯದು ಬಾವಿಗೆ ಬಿದ್ದಂತೆ ಕೆಳಗಿಳಿಯಿತು. ಕಣ್ಣಿಡಬೇಕಾದದ್ದು ತಗ್ಗಿನ ತಳಕ್ಕಲ್ಲ, ಗೆರೆಗಳು ಅಗಲುವ ಮೊದಲ ಬಿಂದುವಿಗೆ.

14.8ಕ್ಕೆ 1,240 ಮೀಟರ್ ಆದರೆ 8.9ಕ್ಕೆ 746 ಮೀಟರ್. ಒಳ್ಳೆಯ ಕೋರ್‌ನಲ್ಲಿ ಮೂರನೇ ಜಾಯಿಂಟ್‌ನ ಕೊಂಕೂ ಹೆಚ್ಚುಕಡಿಮೆ ಅಲ್ಲಿಯೇ ಇತ್ತು. ಮಳೆ, ಜಾಯಿಂಟ್, ಒಂದೇ ಫೇಸ್: ನನ್ನ ಅನುಮಾನ ಗಟ್ಟಿಯಾಯಿತು. ದೋಷ ಮೊದಲ ಐವತ್ತು ಮೀಟರ್‌ನೊಳಗೆ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಒಂದು ಮೈಕ್ರೋಸೆಕೆಂಡ್ ಅಗಲದ ಪಲ್ಸ್ ತನ್ನ ಎದುರಿನ 84 ಮೀಟರನ್ನು ತಾನೇ ಮುಚ್ಚಿಕೊಂಡಿರುತ್ತದೆ. ಆಗ ಪಲ್ಸನ್ನು ಕಿರಿದು ಮಾಡಬೇಕು, ಇಲ್ಲವೇ ಆಚೆ ತುದಿಯಿಂದ ಅಳೆಯಬೇಕು.

ಆದರೂ 746 ಮೀಟರ್ ಎಂದರೆ ಕೇಬಲ್‌ನ 746 ಮೀಟರ್, ರಸ್ತೆಯದ್ದಲ್ಲ. ಆರ್‌ಎಂಯು ಒಳಗೆ ಮೇಲೇರಿದ ಭಾಗ, ಪ್ರತಿ ಜಾಯಿಂಟ್ ಬಳಿ ಮುಂದಿನ ದುರಸ್ತಿಗೆಂದು ಬಿಟ್ಟ ಸುತ್ತು, ಹಳ್ಳ ತಪ್ಪಿಸಿ ಬಳಸಿ ಹೋದ ದಾರಿ, ಎಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ಕೊನೆಯ ಕೆಲಸ ಕಿವಿಯದ್ದು. ಐದು ಸೆಕೆಂಡಿಗೊಮ್ಮೆ ಅದೇ ಕೆಪಾಸಿಟರ್ ಹೊಡೆತ ಕೊಡುತ್ತಾ, ನೆಲದ ಮೇಲೆ ಮೈಕ್ರೋಫೋನ್ ಇಟ್ಟು ನಡೆದೆವು. ಹೊಡೆತದ ಕಾಂತೀಯ ಮಿಡಿತ ಆ ಕ್ಷಣದಲ್ಲೇ ಮೇಲೆ ಬರುತ್ತದೆ. ಕಿಡಿಯ 'ಧಡ್' ಸದ್ದು ಮಣ್ಣಿನೊಳಗೆ ನಿಧಾನವಾಗಿ ಸಾಗಿ ಕೆಲವು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡರ ನಡುವಿನ ಅಂತರ ಎಲ್ಲಿ ಅತಿ ಕಡಿಮೆಯೋ ಅಲ್ಲಿ ಕಾಲ ಕೆಳಗೇ ದೋಷ. ಸದ್ದಿನ ಜೋರನ್ನು ಮಾತ್ರ ನಂಬಿದರೆ ಮೋಸ ಹೋಗಬಹುದು: ಕೇಬಲ್ ಪೈಪಿನೊಳಗಿದ್ದರೆ ಸದ್ದು ಪೈಪಿನ ಬಾಯಲ್ಲಿ ಹೊರಬೀಳುತ್ತದೆ. ನಮಗೆ ಸಿಕ್ಕ ಬಿಂದು ಚಕ್ರದ ಅಳತೆಯಲ್ಲಿ 737 ಮೀಟರ್. ಎಳನೀರಿನವನು ಗಾಡಿ ಸರಿಸಿಕೊಂಡ.

ಹೊಡೆತವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಮುಂದುವರಿಸುವುದು ನನಗೆ ಹಿಡಿಸುವುದಿಲ್ಲ. ಹಳೆಯ ಎಕ್ಸ್‌ಎಲ್‌ಪಿಇಯ ಬೇರೆಡೆ ಇರುವ ದುರ್ಬಲ ಜಾಗಗಳೂ ಅದರಿಂದ ಸೊರಗುತ್ತವೆ. ಒದ್ದೆ ಜಾಯಿಂಟ್‌ನಲ್ಲಿ ಇನ್ನೊಂದು ತಾಪತ್ರಯವೂ ಉಂಟು: ಕಿಡಿಯ ಶಾಖಕ್ಕೆ ನೀರು ಆರಿ, ದೋಷ ತಾತ್ಕಾಲಿಕವಾಗಿ ವಾಸಿಯಾದಂತೆ ನಟಿಸುತ್ತದೆ. ಮೆಗ್ಗರ್ ಚೆನ್ನಾಗಿ ಏರುತ್ತದೆ, ಎರಡು ದಿನದ ನಂತರ ಫೀಡರ್ ಮತ್ತೆ ಟ್ರಿಪ್ ಆಗುತ್ತದೆ.

ಒಂದು ಮೀಟರ್‌ಗಿಂತ ಸ್ವಲ್ಪ ಕೆಳಗೆ ಜಾಯಿಂಟ್ ಸಿಕ್ಕಿತು. ಕವಚದ ಬದಿಯಿಂದ ನೀರು ಜಿನುಗುತ್ತಿತ್ತು, ಬಿ ಕೋರ್‌ನ ಮೇಲೆ ಕಪ್ಪು ಸೀಳೊಂದು ಬೆರಳುದ್ದ ಹರಿದಿತ್ತು. ಜಾಯಿಂಟನ್ನು ಕತ್ತರಿಸಿ ತೆಗೆದು ಎರಡೂ ಕಡೆಯ ತುಂಡುಗಳಿಗೆ ಮತ್ತೆ ಮೆಗ್ಗರ್ ಹಾಕಿದೆವು. ಆಚೆಯದು 1,500 ಮೆಗಾಓಮ್. ಈಚೆಯ ಬಿ ಕೋರ್ 40ರಲ್ಲೇ ನಿಂತಿತು. ನೀರು ಎಳೆಗಳ ಸಂದಿನಲ್ಲಿ ಒಳಗೆ ನುಗ್ಗಿತ್ತು. ಗುಂಡಿಯನ್ನು ಇನ್ನಷ್ಟು ಉದ್ದ ಮಾಡಿ, ಎರಡು ಮೀಟರ್ ಕೇಬಲ್ ಕತ್ತರಿಸಿ ಎಸೆದ ಮೇಲೆ, ಎಳೆಗಳು ಒಣಗಿ ಹೊಳೆಯುವುದು ಕಂಡಿತು.