ನಲ್ಲಿಯ ಕೆಳಗೆ ಹಿಡಿದ ಸಿಲಿಂಡರ್

ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು ಎಂಬುದನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ಯಾವ ಪ್ಲಸ್ ಟು ವಿದ್ಯಾರ್ಥಿಯನ್ನು ಕೇಳಿದರೂ ತಡವರಿಸದೆ ಹೇಳುತ್ತಾನೆ. ಹಾಗೆ ಹೇಳಿದವನೇ ಸಲ್ಫ್ಯೂರಿಕ್ ಆಮ್ಲವನ್ನು ಬೀಕರಿನ ನೀರಿಗೆ ಬಲು ಜಾಗ್ರತೆಯಿಂದ ಸುರಿದು ಮುಗಿಸಿ, ತಳದಲ್ಲಿ ಮೂರು ನಾಲ್ಕು ಮಿಲಿಲೀಟರ್ ಆಮ್ಲ ಉಳಿದಿರುವ ಅಳತೆಯ ಸಿಲಿಂಡರನ್ನು ತೊಳೆಯಲೆಂದು ನೇರವಾಗಿ ನಲ್ಲಿಯ ಕೆಳಗೆ ಹಿಡಿಯುತ್ತಾನೆ. ನಾನು ಪ್ರಯೋಗಾಲಯದಲ್ಲಿ ಕಂಡ ಅವಘಡಗಳಲ್ಲಿ ಹೆಚ್ಚಿನವು ಬೀಕರಿನಲ್ಲಿ ಆದವುಗಳಲ್ಲ, ಈ ಸಿಲಿಂಡರಿನಲ್ಲಿ ಆದವುಗಳು. 'ಚುಂಯ್' ಎಂಬ ಸದ್ದು, ಕೈಗೆ ಥಟ್ಟನೆ ತಗಲುವ ಗಾಜಿನ ಬಿಸಿ, ಅಂಗಿಯ ತೋಳಿಗೆ ಹಾರುವ ಎರಡು ಹನಿ. ಆ ಹೊತ್ತಿಗೆ ಬಟ್ಟೆಯ ಮೇಲೆ ಏನೂ ಕಾಣುವುದಿಲ್ಲ. ಮನೆಯಲ್ಲಿ ಒಗೆದ ಮೇಲೆ ಹನಿ ಬಿದ್ದಲ್ಲೆಲ್ಲ ತೂತು ತೆರೆದುಕೊಳ್ಳುತ್ತದೆ, ಮರುದಿನ ತಾಯಿ ಶಾಲೆಗೆ ಬರುತ್ತಾರೆ.

ಇಲ್ಲಿ ಕೆಡುವುದು ಏನೆಂದರೆ, ವಿದ್ಯಾರ್ಥಿಗೆ ನಿಯಮ ಬೀಕರಿಗೆ ಮಾತ್ರ ಸೇರಿದ್ದೆಂದು ತೋರುತ್ತದೆ, ಕಾರಣ ತಿಳಿದಿರುವುದಿಲ್ಲ. ಕಾರಣವನ್ನು ಒಂದು ಲೆಕ್ಕದಿಂದಲೇ ನೋಡೋಣ. ನಮಗೆ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 500 ಮಿ.ಲೀ. ಬೇಕಾಗಿದೆ. ಬಾಟಲಿಯ ಚೀಟಿಯಲ್ಲಿ 98 ಶೇಕಡಾ, ಸಾಂದ್ರತೆ 1.84 ಎಂದಿದೆ. ಒಂದು ಲೀಟರ್ ಅಂಥ ಆಮ್ಲದ ತೂಕ 1840 ಗ್ರಾಂ. ಅದರಲ್ಲಿ 98 ಶೇಕಡಾ ಎಂದರೆ ಸುಮಾರು 1803 ಗ್ರಾಂ ನಿಜವಾದ H₂SO₄. ಅದನ್ನು ಅಣುತೂಕ 98ರಿಂದ ಭಾಗಿಸಿದರೆ 18.4 ಮೋಲಾರ್. ಶೇಕಡಾ 98 ಮತ್ತು ಅಣುತೂಕ 98 ಎಂಬ ಎರಡು ಬೇರೆ ಸಂಖ್ಯೆಗಳು ಕಾಕತಾಳೀಯವಾಗಿ ಒಂದೇ ಆಗಿರುವುದರಿಂದ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ, ಅದಕ್ಕೆ ಅವರನ್ನು ಬೈಯಲಾರೆ. ಇನ್ನು ಉಳಿದದ್ದು ಎಲ್ಲರಿಗೂ ಗೊತ್ತಿರುವ M₁V₁ = M₂V₂. 500ನ್ನು 18.4ರಿಂದ ಭಾಗಿಸಿದರೆ 27.2 ಮಿ.ಲೀ. ಗಾಢ ಆಮ್ಲ ಬೇಕು.

ಈ 27 ಮಿ.ಲೀ. ಆಮ್ಲವನ್ನು 400 ಮಿ.ಲೀ. ನೀರಿಗೆ ಸುರಿದಾಗ ಬಿಡುಗಡೆಯಾಗುವ ಶಾಖ ಸುಮಾರು 36 ಕಿಲೋಜೂಲ್. ಅಷ್ಟು ಶಾಖವನ್ನು ಹೊರಲು ಅಲ್ಲಿ ಅಷ್ಟೊಂದು ನೀರು ಇರುವುದರಿಂದ ಬೀಕರಿನ ಉಷ್ಣತೆ ಸುಮಾರು ಇಪ್ಪತ್ತು ಡಿಗ್ರಿಯಷ್ಟೇ ಏರುತ್ತದೆ. 30 ಡಿಗ್ರಿಯ ನೀರು 50ಕ್ಕೆ ಬರುತ್ತದೆ, ಕೈಗೆ ಬಿಸಿ, ಅಷ್ಟೆ. ಈಗ ತಿರುಗಿಸಿ ನೋಡಿ. ಅದೇ 27 ಮಿ.ಲೀ. ಆಮ್ಲದ ಮೇಲೆ ಬರೇ 5 ಮಿ.ಲೀ., ಅಂದರೆ ಒಂದು ಚಮಚದಷ್ಟು ನೀರು ಬೀಳಲಿ. ಶಾಖ ಎಂಟು ಒಂಬತ್ತು ಕಿಲೋಜೂಲ್ ಮಾತ್ರ, ಮೊದಲಿನದರ ಕಾಲು ಪಾಲು. ಆದರೆ ಅದನ್ನು ಹೊರುವುದಕ್ಕೆ ಇರುವುದು ಐವತ್ತೈದು ಗ್ರಾಂ ದ್ರವ. ಸಾಲದ್ದಕ್ಕೆ ಗಾಢ ಆಮ್ಲಕ್ಕೆ ಶಾಖ ಹೀರಿಕೊಳ್ಳುವ ಶಕ್ತಿ ನೀರಿನ ಮೂರನೇ ಒಂದರಷ್ಟು. ಉಷ್ಣತೆ ನೂರು ಡಿಗ್ರಿಯಷ್ಟು ಏರುತ್ತದೆ, ಎಂದರೆ ನೀರಿನ ಕುದಿಬಿಂದುವನ್ನು ದಾಟುತ್ತದೆ. ಇದೂ ಎರಡೂ ಚೆನ್ನಾಗಿ ಬೆರೆತರೆ ಎಂಬ ಲೆಕ್ಕ. ನಿಜದಲ್ಲಿ ನೀರು ಹಗುರ, ಆಮ್ಲ ಹೆಚ್ಚುಕಡಿಮೆ ಅದರ ಎರಡು ಪಟ್ಟು ಭಾರ. ನೀರು ಮೇಲೆಯೇ ತೇಲಿ, ಎರಡೂ ತಾಗುವ ತೆಳುಪದರದಲ್ಲಿಯೇ ಎಲ್ಲ ಶಾಖವೂ ಹುಟ್ಟಿ, ಅಲ್ಲಿನ ನೀರು ಒಮ್ಮೆಲೇ ಹಬೆಯಾಗಿ ಸುತ್ತಲಿನ ಆಮ್ಲವನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಕಾದ ಎಣ್ಣೆಯ ಬಾಣಲೆಗೆ ಒದ್ದೆ ಹಪ್ಪಳ ಬಿಟ್ಟವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸಿಲಿಂಡರು ಕಿರಿದಾದ ಕೊಳವೆಯಾದ್ದರಿಂದ ಚಿಮ್ಮಿದ್ದು ನೇರ ಬಾಯಿಯ ಕಡೆಗೆ, ಎಂದರೆ ಬಗ್ಗಿ ನೋಡುವವನ ಮುಖದ ಕಡೆಗೆ ಬರುತ್ತದೆ.

ಬದಿಯಡ್ಕದ ಕಡೆಯ ನನ್ನ ಪರಿಚಯದ ಕೃಷಿಕರೊಬ್ಬರು ಇದನ್ನು ಒಪ್ಪಲು ತಯಾರಿರಲಿಲ್ಲ. ಅವರು ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡುವವರು. "ಮಾಷ್ಟ್ರೇ, ಹದಿನೈದು ವರ್ಷದಿಂದ ಬಾಟ್ಲಿಯ ಆಸಿಡಿಗೇ ನೀರು ಹೊಯ್ದವ ನಾನು, ಈವರೆಗೆ ಏನೂ ಆಗ್ಲಿಲ್ಲ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅವರು ಬಳಸುತ್ತಿದ್ದುದು ಫಾರ್ಮಿಕ್ ಆಮ್ಲ. ಅದು ಚರ್ಮವನ್ನು ಚೆನ್ನಾಗಿಯೇ ಸುಡುತ್ತದಾದರೂ ನೀರಿನೊಡನೆ ಬೆರೆಯುವಾಗ ಹೆಚ್ಚು ಶಾಖ ಬಿಡುವುದಿಲ್ಲ. ಕ್ರಯ ಕಡಿಮೆಯೆಂದು ಒಂದು ಮಳೆಗಾಲ ಯಾರೋ ಅವರಿಗೆ ಸಲ್ಫ್ಯೂರಿಕ್ ಆಮ್ಲ ತಂದುಕೊಟ್ಟರು, ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. ಪ್ಲಾಸ್ಟಿಕ್ ಬಾಟಲಿ ಕೈಯಲ್ಲೇ ಮೆತ್ತಗಾಯಿತಂತೆ. ಕೂಡಲೇ ಬಾವಿಕಟ್ಟೆಯ ಪಕ್ಕದ ಟ್ಯಾಂಕಿನ ನಲ್ಲಿಯಡಿ ಕೈ ಹಿಡಿದು ಕಾಲು ಗಂಟೆ ನಿಂತದ್ದರಿಂದ ಅಂಗೈಯ ಕಲೆಯಷ್ಟರಲ್ಲಿ ಪಾರಾದರು. ಇಲ್ಲಿ ನೀರು ಆಮ್ಲಕ್ಕೆ ಬಿತ್ತಲ್ಲವೇ ಎಂದು ಮಕ್ಕಳು ಕೇಳುವುದುಂಟು. ಚರ್ಮದ ಮೇಲಿರುವುದು ತೆಳುವಾದ ಪದರ, ಹರಿಯುವ ನೀರು ಲೀಟರುಗಟ್ಟಲೆ. ಹುಟ್ಟಿದ ಶಾಖವನ್ನು ಆ ನೀರೇ ಒಯ್ಯುತ್ತದೆ.

ಇನ್ನು ಕ್ರಮ. ಶಾಖ ತಾಳುವ ಗಾಜಿನ ಬೀಕರಿನಲ್ಲಿ 400 ಮಿ.ಲೀ. ನೀರು ತೆಗೆದುಕೊಂಡು, ಅದನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ಕನ್ನಡಕ ಧರಿಸಿ, ಗಾಜಿನ ಕಡ್ಡಿಯಿಂದ ಕಲಕುತ್ತಲೇ ಆಮ್ಲವನ್ನು ಬೀಕರಿನ ಒಳಗೋಡೆಯ ಮೇಲೆ ಸಣ್ಣ ಧಾರೆಯಾಗಿ ಇಳಿಸಬೇಕು. ಕಲಕದೆ ಸುರಿದರೆ ಭಾರವಾದ ಆಮ್ಲ ತಳದಲ್ಲಿ ಎಣ್ಣೆಯಂತೆ ಮಲಗಿರುತ್ತದೆ; ಆಮೇಲೆ ಒಮ್ಮೆಲೇ ಕಡ್ಡಿಯಾಡಿಸಿದವನು ನಿಯಮ ಪಾಲಿಸಿಯೂ ಅದರ ಫಲವನ್ನು ಕಳೆದುಕೊಳ್ಳುತ್ತಾನೆ. ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿಯೇ ನೇರವಾಗಿ ಬೆರೆಸಬೇಡಿ. ಕಿರಿದಾದ ಕತ್ತಿನಲ್ಲಿ ಕಲಕಲು ಬರುವುದಿಲ್ಲ. ಸಿಲಿಂಡರಿಗೆ ಬೇಕಾದಷ್ಟೇ ಆಮ್ಲ ತೆಗೆದುಕೊಳ್ಳಿ. ಹೆಚ್ಚಾದದ್ದನ್ನು ಬಾಟಲಿಗೆ ಮರಳಿ ಸುರಿಯಲೂ ಬಾರದು, ನಲ್ಲಿಯಡಿ ಹಿಡಿಯಲೂ ಬಾರದು; ಅರ್ಧ ಬಕೆಟ್ ನೀರನ್ನು ಪಕ್ಕದಲ್ಲಿಟ್ಟುಕೊಂಡು ಅದಕ್ಕೆ ಸುರಿದು, ಬಳಿಕ ಸಿಲಿಂಡರನ್ನೇ ಅಡ್ಡವಾಗಿ ಆ ನೀರಿನಲ್ಲಿ ಮುಳುಗಿಸಿ.

ಬೆರೆಸಿದ ದ್ರವ ಕೋಣೆಯ ಉಷ್ಣತೆಗೆ ಇಳಿದ ಮೇಲೆಯೇ 500 ಮಿ.ಲೀ.ಯ ಫ್ಲಾಸ್ಕಿಗೆ ಹಾಕಿ ಗೆರೆಯವರೆಗೆ ನೀರು ತುಂಬಬೇಕು. ಬಿಸಿಯಿರುವಾಗಲೇ ಗೆರೆ ಮುಟ್ಟಿಸಿದರೆ ತಣಿದಾಗ ಮೂರು ನಾಲ್ಕು ಮಿ.ಲೀ. ಕೆಳಗಿಳಿದಿರುತ್ತದೆ. 500ರಿಂದ 27.2 ಕಳೆದು 472.8 ಮಿ.ಲೀ. ನೀರು ಅಳೆದು ತರುವ ಬುದ್ಧಿವಂತರೂ ಇದ್ದಾರೆ. ಆಮ್ಲ ಮತ್ತು ನೀರು ಬೆರೆತಾಗ ಗಾತ್ರ ಕುಗ್ಗುವುದರಿಂದ ಆ ಕಳೆಯುವ ಲೆಕ್ಕ ಕೂಡಿಬರುವುದಿಲ್ಲ.

ಹೀಗೆ ಮಾಡಿದರೂ ಅದು 1 ಮೋಲಾರ್ ಎಂದು ಚೀಟಿ ಅಂಟಿಸಲು ನಾನು ಬಿಡುವುದಿಲ್ಲ. ಗಾಢ ಸಲ್ಫ್ಯೂರಿಕ್ ಆಮ್ಲ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಆಟಿ ತಿಂಗಳಲ್ಲಿ ಮುಚ್ಚಳ ಸಡಿಲವಾಗಿ ಕುಳಿತ ಬಾಟಲಿಯ 98 ಶೇಕಡಾ ಚೀಟಿಯ ಮೇಲೆ ಮಾತ್ರ ಇರುತ್ತದೆ. ಒಣಗಿಸಿದ ಸೋಡಿಯಂ ಕಾರ್ಬೊನೇಟನ್ನು 2.12 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ, ಮಿಥೈಲ್ ಆರೆಂಜ್ ಹಾಕಿ ಬ್ಯೂರೆಟ್ಟಿನಿಂದ ಈ ಆಮ್ಲವನ್ನು ಬಿಡಿ. ಅದು 0.02 ಮೋಲ್ ಆದ್ದರಿಂದ ಸರಿಯಾದ 1 ಮೋಲಾರ್ ಆಮ್ಲ 20.0 ಮಿ.ಲೀ. ಖರ್ಚಾಗಬೇಕು. ಹಳದಿ ಬಣ್ಣ ಕಿತ್ತಳೆಗೆ ತಿರುಗುವಾಗ ಕಳೆದ ಆಗಸ್ಟಿನಲ್ಲಿ ನಮಗೆ ಸಿಕ್ಕಿದ್ದು 20.6. ಅಂದರೆ 0.97 ಮೋಲಾರ್, ಚೀಟಿಯ ಮೇಲೆ ಹಾಗೆಯೇ, 0.97 ಎಂದೇ ಬರೆಸಿದೆ.