ಉಬುಂಟು ಟಿಪ್ಪಣಿ: ಗುಂಪು ದೊಡ್ಡದಾ, ಒಬ್ಬ ಮನುಷ್ಯ ದೊಡ್ಡವನಾ?

ಉಬುಂಟು ಅಂದರೆ ಮನುಷ್ಯತನ, ದಕ್ಷಿಣ ಆಫ್ರಿಕಾದ ಕಡೆಯ ಒಂದು ಹಳೆಯ ವಿಚಾರ. ಅದನ್ನು ಹೇಳುವ ಜುಲು ಗಾದೆ ಇದು: ಉಮುಂಟು ನ್ಗುಮುಂಟು ನ್ಗಬಾಂಟು. ಮನುಷ್ಯ ಮನುಷ್ಯನಾಗುವುದು ಬೇರೆ ಮನುಷ್ಯರಿಂದ. "ನಾವು ಇರುವುದರಿಂದ ನಾನು ಇದ್ದೇನೆ" ಅಂತ ಎಲ್ಲ ಕಡೆ ಓದುತ್ತೇವಲ್ಲ, ಅದರ ಬೇರು ಇಲ್ಲಿದೆ. ಒಗ್ಗಟ್ಟು, ಹಂಚಿಕೊಂಡು ತಿನ್ನುವುದು, ಅತಿಥಿಗೆ ಊಟ, ಇದೆಲ್ಲ ಸುಲಭವಾಗಿ ಅರ್ಥವಾಗುತ್ತದೆ, ಬಿಡಿ.

ನನಗೆ ಜಾಸ್ತಿ ಹೊತ್ತು ಹಿಡಿದ ಹೆಜ್ಜೆ ಬೇರೆ. ನಾವು ಇರುವುದರಿಂದಲೇ ನಾನು ಅಂದಮೇಲೆ "ನಾವು" ಮೊದಲು, "ನಾನು" ಆಮೇಲೆ, ಅಲ್ವಾ? ಹಾಗಾದರೆ ಗುಂಪಿಗೆ ಬೇಡವಾದ ಒಬ್ಬನನ್ನು ಗುಂಪು ಏನು ಬೇಕಾದರೂ ಮಾಡಬಹುದು ಅಂತಾಯಿತು. ಆದರೆ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1995ರಲ್ಲಿ ಇದೇ ಮಾತನ್ನು ಹಿಡಿದು ಸರಿಯಾಗಿ ಉಲ್ಟಾ ಕಡೆಗೆ ಹೋಯಿತು. ಮಕ್ವಾನ್ಯಾನೆ ಪ್ರಕರಣ ಅದು. ಕೊಲೆ ಮಾಡಿ ಮರಣದಂಡನೆಗೆ ಗುರಿಯಾದ ಇಬ್ಬರ ಮೇಲ್ಮನವಿ. ಹನ್ನೊಂದು ನ್ಯಾಯಮೂರ್ತಿಗಳೂ ಕೊಲೆಗೆ ಗಲ್ಲು ಕೂಡದು ಅಂದರು, ಹಲವರು ತಮ್ಮ ತೀರ್ಪಿನಲ್ಲಿ ಉಬುಂಟುವನ್ನು ಕಾರಣಗಳಲ್ಲಿ ಒಂದಾಗಿ ಕೊಟ್ಟರು. ಕೊಲೆಗಾರನನ್ನು ಉಳಿಸುವುದಕ್ಕೆ ಉಬುಂಟು! ಹೇಗೆ?

ಗಂಟು ಬಿಚ್ಚಿದ್ದು ನ್ಯಾಯಮೂರ್ತಿ ಪಯಸ್ ಲಾಂಗಾ ಅವರ ತೀರ್ಪು ಓದಿದಾಗ. ಅವರು ಹೇಳುವುದರ ಸಾರ ಇಷ್ಟು. ಒಬ್ಬ ಮನುಷ್ಯ ಅನ್ನುವ ಕಾರಣಕ್ಕೇ ಅವನಿಗೆ ಸಮುದಾಯದಿಂದ ಗೌರವ ಸಲ್ಲಬೇಕು, ಅದಕ್ಕೆ ಷರತ್ತು ಇಲ್ಲ. ತಿರುಗಿ ಅವನೂ ಸಮುದಾಯದ ಪ್ರತಿಯೊಬ್ಬರಿಗೆ ಅದೇ ಗೌರವ ಕೊಡಬೇಕು. ಅಂದರೆ ಸಾಲ ಎರಡೂ ಕಡೆ ಇದೆ. ನಿಧಾನವಾಗಿ ನೋಡೋಣ. "ನಾವು" ನನ್ನನ್ನು ಮನುಷ್ಯನನ್ನಾಗಿ ಮಾಡುವುದು ನನ್ನನ್ನು ಮನುಷ್ಯನಂತೆ ನಡೆಸಿಕೊಳ್ಳುವುದರಿಂದ. ಹಾಗೆ ನಡೆಸಿಕೊಳ್ಳುವುದನ್ನು ಬಿಟ್ಟ ಗುಂಪು ತನ್ನ ಮನುಷ್ಯತನವನ್ನೂ ಕಳೆದುಕೊಳ್ಳುತ್ತದೆ, ಯಾಕೆಂದರೆ ಅದು ಗಳಿಸಿದ್ದೂ ಅದೇ ದಾರಿಯಲ್ಲಿ. ಕೊಲೆಗಾರ ತನ್ನ ಪಾಲಿನ ಸಾಲ ಮುರಿದ, ನಿಜ. ಅದಕ್ಕೆ ಶಿಕ್ಷೆ ಇದೆ, ಜೈಲಿದೆ. ಆದರೆ ಅವನು ಮುರಿದ ಅಂತ ಸರ್ಕಾರವೂ ತನ್ನ ಪಾಲು ಮುರಿಯುವ ಹಾಗಿಲ್ಲ. ಆದ್ದರಿಂದ ಗಾದೆಯಲ್ಲಿ "ಯಾರು ಮೊದಲು" ಅನ್ನುವ ಪ್ರಶ್ನೆಯೇ ಇಲ್ಲ. ಯಾರು ಯಾರಿಗೆ ಏನು ಕೊಡಬೇಕು ಅನ್ನುವುದಷ್ಟೇ ಇದೆ.

ಇದು ಗೊತ್ತಾದಮೇಲೆ ಒಂದು ಸಣ್ಣ ಪರೀಕ್ಷೆ ಇಟ್ಟುಕೊಳ್ಳಬಹುದು. ಯಾರಾದರೂ ಉಬುಂಟು ಹೆಸರು ಹೇಳಿದಾಗ, ಒಬ್ಬನಿಂದ ಮಾತ್ರ ಕೇಳುತ್ತಿದ್ದಾರಾ, ಇಲ್ಲ ಗುಂಪಿನಿಂದಲೂ ಏನಾದರೂ ಕೇಳುತ್ತಿದ್ದಾರಾ ಅಂತ ನೋಡಿ. "ಸುಮ್ನೆ ಹೊಂದಿಕೊಂಡು ಹೋಗು" ಅಂತ ಒಬ್ಬನಿಗೆ ಮಾತ್ರ ಹೇಳಿದರೆ ಅದು ಅರ್ಧ ಗಾದೆ.

ಈ ಪರೀಕ್ಷೆಗೆ ನನಗೆ ತುಂಬ ಇಷ್ಟವಾದ ಪ್ರಕರಣ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ನಗರದ್ದು, 2004. ಒಂದು ಬಡಾವಣೆಯ ಖಾಸಗಿ ಖಾಲಿ ಜಾಗದಲ್ಲಿ 29 ಗುಡಿಸಲು, 68 ಜನ, ಅದರಲ್ಲಿ 23 ಮಕ್ಕಳು. ಕೆಲವರು ಎರಡು ವರ್ಷದಿಂದ ಇದ್ದರು, ಕೆಲವರು ಎಂಟು ವರ್ಷದಿಂದ. ಅವರನ್ನು ಎಬ್ಬಿಸಿ ಅಂತ ಸುತ್ತಲಿನ 1,600 ಜನ ಅರ್ಜಿಗೆ ಸಹಿ ಹಾಕಿದರು, ನಗರಸಭೆ ಕೋರ್ಟಿಗೆ ಹೋಯಿತು. ಗುಡಿಸಲಿನವರು ಹೋಗಲ್ಲ ಅಂತ ಹಟ ಹಿಡಿದಿರಲಿಲ್ಲ. ನಗರಸಭೆ ತೋರಿಸಿದ ಜಾಗದಲ್ಲಿ ಅಪರಾಧ ಜಾಸ್ತಿ, ಜನಸಂದಣಿ ಜಾಸ್ತಿ, ಅಲ್ಲಿಂದಲೂ ನಾಳೆ ಎಬ್ಬಿಸಿದರೆ ಏನು ಗತಿ ಅನ್ನುವುದು ಅವರ ಭಯ.

ಸಂಖ್ಯೆ ನೋಡಿದರೆ "ನಾವು" ಅಂದರೆ 1,600 ಜನ. ಆದರೆ ಅದೇ ಸಂವಿಧಾನ ನ್ಯಾಯಾಲಯದ ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ಹಾಗೆ ಎಣಿಸಲಿಲ್ಲ. ಉಬುಂಟು ಇಡೀ ಸಂವಿಧಾನದಲ್ಲಿ ಹರಡಿಕೊಂಡಿದೆ, ಅದು ವ್ಯಕ್ತಿಯ ಹಕ್ಕನ್ನೂ ಸಮುದಾಯದ ಬದುಕನ್ನೂ ಸೇರಿಸುತ್ತದೆ ಅಂದರು. ಆಮೇಲೆ ನೇರ ಪ್ರಶ್ನೆಗಳಿಗೆ ಬಂದರು. ಎಷ್ಟು ವರ್ಷದಿಂದ ಇದ್ದಾರೆ? ಜಾಗ ಮಾಲೀಕರಿಗೆ ಈಗ ನಿಜವಾಗಿ ಬೇಕಾ? ಇವರಿಗೆ ಬೇರೆ ಮನೆ ಇದೆಯಾ? ಮುಖ್ಯವಾಗಿ, ನಗರಸಭೆ ಇವರ ಜೊತೆ ಕೂತು ಇವರ ಕಷ್ಟವನ್ನು ಸರಿಯಾಗಿ ಕೇಳಿಸಿಕೊಂಡಿತಾ? ಇಲ್ಲ. ಎಬ್ಬಿಸೋದಕ್ಕೆ ಕೋರ್ಟ್ ಒಪ್ಪಲಿಲ್ಲ.

ಇಲ್ಲಿ ಉಬುಂಟು ಅಂದರೆ ಕನಿಕರ ಅಂತ ಓದಿದರೆ ಅರ್ಧ ಮಾತ್ರ ಸಿಕ್ಕಿದ ಹಾಗೆ. ಅದು ಒಂದು ಕೆಲಸವಾಗಿ ಬಂತು: ಮೊದಲು ಎದುರು ಬದುರು ಕೂತು ಮಾತಾಡಿ, ಬೇಕಾದರೆ ಮಧ್ಯಸ್ಥರನ್ನು ಇಟ್ಟುಕೊಳ್ಳಿ, ಕೋರ್ಟಿನ ಆದೇಶ ಆಮೇಲೆ. ಜಾಗ ಗುಡಿಸಲಿನವರದ್ದು ಅಂತಲೂ ಕೋರ್ಟ್ ಹೇಳಲಿಲ್ಲ, ಯಾವತ್ತೂ ಎಬ್ಬಿಸಬಾರದು ಅಂತಲೂ ಹೇಳಲಿಲ್ಲ.

ಇದಕ್ಕೊಂದು ಮಿತಿಯೂ ಇದೆ. 1993ರ ತಾತ್ಕಾಲಿಕ ಸಂವಿಧಾನದ ಕೊನೆಯಲ್ಲಿ ಉಬುಂಟು ಅನ್ನುವ ಪದ ಇತ್ತು, 1996ರ ಸಂವಿಧಾನದಲ್ಲಿ ಆ ಪದ ಇಲ್ಲ. ಹಾಗಾಗಿ ಯಾವ ಪ್ರಕರಣದಲ್ಲಿ ಅದು ಎಷ್ಟು ತೂಗುತ್ತದೆ ಅನ್ನುವುದು ನ್ಯಾಯಮೂರ್ತಿಗಳ ಕೈಯಲ್ಲಿದೆ. 2006ರಲ್ಲಿ ಒಂದು ಮಾನಹಾನಿ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಇವೊನ್ ಮೊಕ್ಗೋರೊ ಮತ್ತು ಸ್ಯಾಕ್ಸ್, ದುಡ್ಡಿಗಿಂತ ಕ್ಷಮೆ ಕೇಳಿ ಸಂಬಂಧ ಸರಿಮಾಡಿಕೊಳ್ಳುವುದು ಉಬುಂಟುಗೆ ಹತ್ತಿರ, ಪರಿಹಾರದ ಮೊತ್ತ ಕಡಿಮೆ ಮಾಡಿ ಅಂದರು. ಬಹುಮತ ಒಪ್ಪಲಿಲ್ಲ, ಮೊತ್ತ ಹಾಗೇ ಉಳಿಯಿತು.